ಬಾಣದ ನೆತ್ತಿಯ ಮೇಲೊಂದು ಪ್ರಶ್ನೆಚಿಹ್ನೆ

ಅವಳ ಪಿಎಚ್‌ಡಿ ಪ್ರಬಂಧದ ಅಧ್ಯಾಯ ಮೂರನೆಯ ಬಾರಿಗೆ ಮರಳಿ ಬಂದಿತ್ತು. ನಲವತ್ತೊಂದು ಪುಟಗಳಲ್ಲಿ ಮಾರ್ಗದರ್ಶಕ ಗುರುಗಳು ಇಟ್ಟಿದ್ದದ್ದು ಒಂದೇ ಒಂದು ಕೆಂಪು ಗುರುತು. ಪರಿಕಲ್ಪನಾ ಚೌಕಟ್ಟಿನ ಚಿತ್ರದಲ್ಲಿ, ‘ಪೋಷಕರ ಪಾಲ್ಗೊಳ್ಳುವಿಕೆ’ ಎಂಬ ಚೌಕದಿಂದ ‘ಮಗುವಿನ ಕಲಿಕೆ’ ಎಂಬ ಚೌಕಕ್ಕೆ ಹಾಯುವ ಬಾಣದ ನೆತ್ತಿಯ ಮೇಲೆ ಒಂದು ಪ್ರಶ್ನೆಚಿಹ್ನೆ.

ಗಂಟೆ ಹನ್ನೆರಡೂವರೆ. ನಾಲ್ಕರೊಳಗೆ ಗುರುಗಳ ಸಹಿ ಬಿದ್ದು ಕಚೇರಿ ತಲುಪದಿದ್ದರೆ ನಾಳಿನ ಸಂಶೋಧನಾ ಸಮಿತಿಯ ಪಟ್ಟಿಯಲ್ಲಿ ಅವಳ ಹೆಸರಿರುವುದಿಲ್ಲ. ಮುಂದಿನ ಸಮಿತಿ ಆರು ತಿಂಗಳಿಗೆ. ಅಷ್ಟರಲ್ಲಿ ಅವಳ ಅಧ್ಯಯನ ರಜೆ ಮುಗಿದು, ಎಂಟನೇ ತರಗತಿಯ ಕಪ್ಪುಹಲಗೆಯ ಮುಂದೆ ನಿಂತಿರಬೇಕು. ಗುರುಗಳೋ ಮುಚ್ಚಿದ ಬಾಗಿಲಿನಾಚೆ ಸಭೆಯಲ್ಲಿದ್ದರು.

ಬಾಗಿಲ ಪಕ್ಕದ ಸ್ಟೂಲಿನ ಮೇಲೆ ಅಟೆಂಡರ್ ಕುಳಿತಿದ್ದ. ಇಡೀ ವಿಭಾಗದಲ್ಲಿ ಅವನ ಅಪ್ಪಣೆಯಿಲ್ಲದೆ ಗಾಳಿಯೂ ಒಳಹೋಗುವಂತಿರಲಿಲ್ಲ.

“ಮೂರು ಗಂಟೆವರೆಗೂ ಬಿಡಲ್ಲ ಟೀಚರಮ್ಮ. ಸುಮ್ನೆ ಕೂತ್ಕೊಳ್ಳಿ.”

“ಒಂದೇ ಒಂದು ಮಾತು ಕೇಳ್ಬೇಕಿತ್ತು ಅಣ್ಣ.”

“ಎಲ್ಲರದ್ದೂ ಒಂದೇ ಮಾತು. ಒಳಗೆ ಹೋದ್ಮೇಲೆ ಅದು ರಾಮಾಯಣ ಆಗತ್ತೆ.”

ಹಲ್ಲು ಕಚ್ಚಿಕೊಂಡು ಬೆಂಚಿನ ಮೇಲೆ ಕಾಗದಗಳನ್ನು ಹರಡಿದಳು. ಮೊದಲ ಸಲ ಗುರುಗಳು ‘ನಡುವೆ ಏನು ನಡೆಯುತ್ತದೆ?’ ಎಂದು ಕೇಳಿದ್ದರು. ಮಗುವಿನ ಆತ್ಮವಿಶ್ವಾಸವನ್ನು ಎರಡನ್ನೂ ಬೆಸೆಯುವ ಮಧ್ಯವರ್ತಿ ಚರವಾಗಿ ಸೇರಿಸಿದಳು. ಎರಡನೆಯ ಸಲ ‘ಎಲ್ಲ ಮನೆಗಳಲ್ಲೂ ಹೀಗೆಯೇ?’ ಎಂದಿದ್ದರು. ತಾಯಿಯ ಓದನ್ನು ಸೇರಿಸಿ, ಸಂಬಂಧದ ಬಲ ಅದರಂತೆ ಏರಿಳಿಯುತ್ತದೆಂದು ಬರೆದಳು. ಇನ್ನೇನು ಉಳಿಯಿತು? ಉಳಿದದ್ದೊಂದೇ, ಅವಳ ನಿದ್ದೆಗೆಡಿಸಿದ್ದ ಪ್ರಾಯೋಗಿಕ ಸಮೀಕ್ಷೆಯ ಫಲಿತಾಂಶ: ಮನೆಪಾಠಕ್ಕೆ, ಅಂದರೆ ಹೋಂವರ್ಕಿಗೆ, ಪೋಷಕರು ಹೆಚ್ಚು ನೆರವಾದಷ್ಟೂ ಮಕ್ಕಳ ಅಂಕ ಕಡಿಮೆ! ಪೋಷಕರು ನಮೂನೆಗಳನ್ನು ಅಸಡ್ಡೆಯಿಂದ ತುಂಬಿದ್ದಾರೆಂದು ಶಪಿಸಿ ಮುಂದೆ ಸಾಗಿದ್ದಳು.

“ಅರೆ, ಇದು ನನ್ನ ಕೈಬರಹ ಅಲ್ವಾ?” ಅಟೆಂಡರ್ ಬಗ್ಗಿ ನೋಡುತ್ತಿದ್ದ. “ನಮ್ಮ ಮಕ್ಕಳ ಸ್ಕೂಲಲ್ಲಿ ಕೊಟ್ಟಿದ್ದ ಫಾರಂ. ಅಡ್ಡಗೀಟು ಯಾಕೆ ಹೊಡೆದ್ರಿ?”

ಅವಳೇ ತಿರಸ್ಕರಿಸಿದ್ದ ಜೋಡಿ ನಮೂನೆಗಳು ಅವು, ಮಗುವಿಗೊಂದು. ಒಂದೇ ಕೈ, ಒಂದೇ ಶಾಯಿ, ‘ಮನೆಪಾಠಕ್ಕೆ ನೆರವಾಗುತ್ತೀರಾ?’ ಎಂಬುದಕ್ಕೆ ಒಂದರಲ್ಲಿ ‘ಪ್ರತಿದಿನ’, ಇನ್ನೊಂದರಲ್ಲಿ ‘ಎಂದೂ ಇಲ್ಲ’.

“ಒಂದೇ ಮನೆಯಲ್ಲಿ ಎರಡು ನಾಲಿಗೆ ಆದ್ರೆ ನಾನೇನು ಮಾಡ್ಲಿ?” ಸಿಡುಕಿದಳು. “ದಿನಾ ಕೂರ್ತೀರೋ, ಕೂರೋದೇ ಇಲ್ವೋ?”

“ಎರಡೂ ನಿಜ ಕಣಮ್ಮ! ಮಗಳು ಹೋದ ವರ್ಷ ಗಣಿತದಲ್ಲಿ ಸೊನ್ನೆ ಸುತ್ತಿದ್ಲು. ಅದಕ್ಕೇ ದಿನಾ ಪಕ್ಕದಲ್ಲಿ ಕೂರ್ತೀನಿ. ದೊಡ್ಡವನು ಮೊದಲಿಂದ್ಲೂ ಮುಂದೆ. ಅವನ ಪುಸ್ತಕದ ಬಣ್ಣ ಯಾವ್ದು ಅಂತ್ಲೂ ನನಗೆ ಗೊತ್ತಿಲ್ಲ.”

ಅವಳ ಪೆನ್ನು ಗಾಳಿಯಲ್ಲೇ ನಿಂತಿತು. ಅಪ್ಪ ಪಕ್ಕದಲ್ಲಿ ಕುಳಿತದ್ದರಿಂದ ಅಂಕ ಇಳಿದಿರಲಿಲ್ಲ. ಅಂಕ ಇಳಿದದ್ದರಿಂದ ಅಪ್ಪ ಬಂದು ಕುಳಿತಿದ್ದ. ಬಾಣ ಹಿಂದಕ್ಕೂ ಹಾಯುತ್ತಿತ್ತು! ಮೂರು ವರ್ಷ ಬಗಲಲ್ಲೇ ಇದ್ದ ಮಗುವನ್ನು ಅವಳು ಊರೆಲ್ಲ ಹುಡುಕಿದ್ದಳು.

ಸಂತೋಷಪಡಲು ಪುರುಸೊತ್ತಿರಲಿಲ್ಲ. ಶಾಲೆ ಕೊಟ್ಟಿದ್ದ ಹಿಂದಿನ ವರ್ಷದ ಅಂಕಪಟ್ಟಿಗಳು ಬಳಕೆಯಾಗದೆ ಚೀಲದ ತಳದಲ್ಲಿದ್ದವು. ಹೊಸ ಹಾಳೆಯಲ್ಲಿ ‘ಹಿಂದಿನ ವರ್ಷದ ಸಾಧನೆ’ ಎಂಬ ಚೌಕ ಬರೆದು, ಅಲ್ಲಿಂದ ಈ ವರ್ಷದ ಕಲಿಕೆಗೊಂದು, ಮನೆಪಾಠದ ನೆರವಿಗೊಂದು ಬಾಣ ಎಳೆದಳು. ಒಂದೇ ಗಂಟಾಗಿದ್ದ ಪಾಲ್ಗೊಳ್ಳುವಿಕೆಯನ್ನು ಮನೆಪಾಠದ ನೆರವು, ಶಾಲೆಯ ಸಂಪರ್ಕ, ಮಗುವಿನ ಮೇಲಿಟ್ಟ ನಿರೀಕ್ಷೆ ಎಂದು ಮೂರಾಗಿ ಬಿಡಿಸಿದಳು. ‘ಗೊಂದಲದ ಫಲಿತಾಂಶ’ ಎಂದು ಮೂಲೆಗೆ ತಳ್ಳಿದ್ದ, ಇಂಥದ್ದೇ ತಿರುವುಮುರುವು ಕಂಡಿದ್ದ ಎರಡು ಸಂಶೋಧನಾ ಲೇಖನಗಳು ಈಗ ತಾವಾಗಿಯೇ ಜಾಗ ಹುಡುಕಿಕೊಂಡವು.

ಮೂರೂಕಾಲಿಗೆ ಬಾಗಿಲು ತೆರೆಯಿತು. ಗುರುಗಳು ಚಿತ್ರವನ್ನು ದಿಟ್ಟಿಸಿದರು. ಗಡಿಯಾರದ ಮುಳ್ಳು ಅವರ ಓದಿಗಿಂತ ಜೋರಾಗಿ ಓಡುತ್ತಿತ್ತು.

“ಹಿಂದಿನ ವರ್ಷದಿಂದ ನೆರವಿಗೆ ಹೋಗೋ ಈ ಬಾಣಕ್ಕೆ ಆಧಾರ?”

“ಅಟೆಂಡರ್ ಹೇಳಿದ್ರು ಸರ್.”

“ಉಲ್ಲೇಖಪಟ್ಟಿಯಲ್ಲಿ ಅವನನ್ನ ಹಾಕ್ತೀಯೇನಮ್ಮ?”

ಅವಳು ಎರಡು ಲೇಖನಗಳನ್ನೂ ಮೇಜಿನ ಮೇಲಿಟ್ಟಳು. ಅವರು ಪುಟ ತಿರುವಿ, ಕೊನೆಗೆ ಸಹಿ ಹಾಕಿದರು.

“ನೀನು ಪರೀಕ್ಷಿಸ್ಬೇಕಂತಿದ್ದ ನಾಲ್ಕು ಊಹೆಗಳೂ ಹೋದ್ವು. ಹೊಸದಾಗಿ ಬರಿ. ವಿಶ್ಲೇಷಣೆಯ ಯೋಜನೆಯೂ ಬದಲಾಗತ್ತೆ. ನಾಳೆ ಸಮಿತಿ ಇದನ್ನೇ ಮೊದಲು ಕೇಳೋದು.”

“ಮೊದಲ ಸಲವೇ ಹೇಳ್ಬಹುದಿತ್ತಲ್ಲ ಸರ್?” ನಾಲಿಗೆ ತಡೆಯಲಿಲ್ಲ.

“ಹೇಳಿದ್ರೆ ಅದು ನನ್ನ ಬಾಣ ಆಗ್ತಿತ್ತು.”

ಹೊರಗೆ ಅಟೆಂಡರ್ ಕಾಯುತ್ತಿದ್ದ.

“ಆಯ್ತಾ? ಹಾಗಾದ್ರೆ ಹೇಳಿ, ನಾನು ಕೂರೋದ್ರಿಂದ ಮಗಳಿಗೆ ಉಪಯೋಗ ಆಗ್ತಿದ್ಯಾ, ಇಲ್ವಾ?”

“ಗೊತ್ತಿಲ್ಲ ಅಣ್ಣ. ಅದನ್ನೇ ಇನ್ನು ನೋಡ್ಬೇಕು.”

“ಮೂರು ವರ್ಷ ಓದಿ ಇದೂ ಗೊತ್ತಾಗ್ಲಿಲ್ವಾ! ಅಲ್ಲೀವರೆಗೆ ನಾನು ಕೂರ್ಲಾ, ಏಳ್ಲಾ?”

“ಕೂತ್ಕೊಳ್ಳಿ,” ಎಂದು ಗೊಣಗಿ, ಅಡ್ಡಗೀಟು ಬಿದ್ದಿದ್ದ ಎರಡೂ ನಮೂನೆಗಳನ್ನು ಕಂತೆಯೊಳಕ್ಕೆ ಮರಳಿ ಸೇರಿಸುತ್ತ, ಅವಳು ಕಚೇರಿಯತ್ತ ಓಡಿದಳು.