ಬಸ್ಸಿನ ಅರ್ಜಿಗೆ ಇಮೇಲ್ ಯಾಕೆ?

"ಮೇಡಮ್ಮಾರ, ನಿಮ್ಮ ಹುಡುಗ್ಯಾರ ಕಡಿಂದ ಒಂದ್ ಬಟನ್ ಒತ್ತಸ್ರಿ ಸಾಕು. ಸೂಡಿಗೆ ಸಂಜಿ ಬಸ್ ಬಂತಂತ ತಿಳ್ಕೋರಿ," ಎಂದ ಕೊಟ್ರೇಶ.

ಗಜೇಂದ್ರಗಡದ ಕಾಲೇಜು ಲೈಬ್ರರಿಯಲ್ಲಿ ಆತ ಕುರ್ಚಿ ತುಂಬ ಕುಳಿತಿದ್ದ. ಕಾಳಿನ ಅಂಗಡಿ ಅವರಣ್ಣನದು, ಭಾಷಣ ಇವನದು. ಮುಂದಿನ ಪುರಸಭೆ ಚುನಾವಣೆಗೆ ನಿಲ್ಲುವ ಆಸೆಯನ್ನು ಊರಿನ ಎಮ್ಮೆಗಳಿಗೂ ಹೇಳಿಯಾಗಿತ್ತು. ಬಸ್ಸಿಗಾಗಿ ಆನ್‌ಲೈನ್ ಅರ್ಜಿ ಶುರು ಮಾಡಿದ್ದೇನೆ, ನೂರೆಂಬತ್ತು ಹುಡುಗಿಯರ ಹೆಸರು, ಇಮೇಲ್ ಬೇಕು ಎಂದ.

ಲೈಬ್ರರಿಯನ್ ಶೈಲಶ್ರೀ ಪಕ್ಕದಲ್ಲಿದ್ದ ಮಹೇಶ್ವರಿಯನ್ನು ನೋಡಿದಳು. ಸೂಡಿ ಹಳ್ಳಿಯ ಹುಡುಗಿ, ಬಿಎಸ್ಸಿ. ಲ್ಯಾಬ್ ಮುಗಿಯುವುದು ಐದಕ್ಕೆ, ಕೊನೆಯ ಬಸ್ಸು ನಾಲ್ಕೂವರೆಗೆ. ಇನ್ನೊಮ್ಮೆ ಯಾರದೋ ಬೈಕಿನ ಹಿಂದೆ ಕೂತು ಬಂದರೆ ಕಾಲೇಜೇ ಬಂದ್ ಎಂದು ಅವಳಪ್ಪ ಹೇಳಿದ್ದ. ಸಹಿ ಮಾಡಿಸಿಬಿಡಿ ಮೇಡಮ್ ಎಂದು ಅವಳ ಕಣ್ಣೇ ಬೇಡುತ್ತಿತ್ತು.

ನೋಡಿ ಹೇಳುತ್ತೇನೆಂದು ಶೈಲಶ್ರೀ ಎಂಟು ದಿನದ ಸಮಯ ಕೇಳಿದಳು. ಪುಸ್ತಕದ ಧೂಳು ಒರೆಸುವವರಿಗೆ ಇಂಟರ್ನೆಟ್ ತಿಳಿಯಲು ಎಂಟು ದಿನವಾದರೂ ಬೇಕು ಬಿಡಿ ಎಂದು ಕೊಟ್ರೇಶ ನಗುತ್ತ ಎದ್ದ.

ಕೊಟ್ರೇಶ ಅರ್ಜಿ ಶುರು ಮಾಡಿದ್ದ ಜಾಲತಾಣದಲ್ಲಿ 'ನಮ್ಮ ಬಗ್ಗೆ' ಎಂಬ ಪುಟವಿತ್ತು, ನಾವು ಯಾರು ಎಂಬುದು ಮಾತ್ರ ಇರಲಿಲ್ಲ. ಸಂಸ್ಥೆಯ ಹೆಸರಿಲ್ಲ, ಊರಿಲ್ಲ, ಫೋನಿಲ್ಲ. ಮುಷ್ಟಿ ಎತ್ತಿದ ಜನರ ಚಿತ್ರ ಬೇಕಾದಷ್ಟು. ಗೌಪ್ಯತಾ ನೀತಿಯ ಕೆಳತುದಿಯಲ್ಲಿ, ಇರುವೆ ಗಾತ್ರದ ಅಕ್ಷರದಲ್ಲಿ, ಇಮೇಲ್‌ಗಳನ್ನು 'ನಂಬಿಕಸ್ಥ ಪಾಲುದಾರ'ರೊಂದಿಗೆ ಹಂಚಿಕೊಳ್ಳಬಹುದು ಎಂದಿತ್ತು. ಪಾಲುದಾರರು ಯಾರೆಂದು ಇರಲಿಲ್ಲ. ಸಹಿಯ ಕೆಳಗಿನ ಒಪ್ಪಿಗೆಯ ಚೌಕಕ್ಕೆ ಅವರೇ ಟಿಕ್ ಹಾಕಿಟ್ಟಿದ್ದರು.

ಶೈಲಶ್ರೀ ಹೊಸ ಇಮೇಲ್ ಒಂದನ್ನು ತೆರೆದು, ತೀರಿಕೊಂಡ ತನ್ನ ಅಜ್ಜಿ ಮರಿಯವ್ವನ ಹೆಸರಲ್ಲಿ, ಟಿಕ್ ತೆಗೆದು ಸಹಿ ಹಾಕಿದಳು. ಆ ವಿಳಾಸವನ್ನು ಬೇರೆಲ್ಲೂ ಕೊಡಲಿಲ್ಲ.

ನಾಲ್ಕನೇ ದಿನ ಮರಿಯವ್ವನಿಗೆ ಸಾಲದ ಆಫರ್ ಬಂತು. ಐದನೇ ದಿನ ಮೈ ಇಳಿಸುವ ಪುಡಿ. ಆರನೇ ದಿನ ಕೈಮುಗಿದ ಫೋಟೊ ಸಮೇತ: 'ಆತ್ಮೀಯ ಮರಿಯವ್ವ, ನಿಮ್ಮ ಮನೆಮಗ ಕೊಟ್ರೇಶನಿಗೆ ಆಶೀರ್ವದಿಸಿ.'

ಮನೆಮಗ ಎಂಟನೇ ದಿನ ಬಂದ. ಶೈಲಶ್ರೀ ಪರದೆ ತಿರುಗಿಸಿ ತೋರಿಸಿದಳು.

"ನಮ್ಮಜ್ಜಿ ಸತ್ತು ಹನ್ನೆರಡ್ ವರ್ಷ ಆತ್ರಿ. ಅಕಿ ವಿಳಾಸ ನಿಮಗ ಹ್ಯಾಂಗ ಸಿಕ್ತು?"

ಅರ್ಜಿ ಶುರು ಮಾಡಿದವರಿಗೆ ಸಹಿದಾರರ ಪಟ್ಟಿ ಡೌನ್‌ಲೋಡ್ ಮಾಡಿಕೊಳ್ಳಲು ಅಲ್ಲಿ ಬಿಡುತ್ತಾರೆ, ಎಲ್ಲರೂ ಹಾಗೇ ಮಾಡುತ್ತಾರೆ ಎಂದು ಆತ ಗೊಣಗಿದ.

"ಪಟ್ಟಿ ನಿಮಗ ಬಂತು. ಅರ್ಜಿ ಯಾರಿಗೆ ಹೋತು?"

"ಸರ್ಕಾರಕ್ಕ ಹೋಗತೈತ್ರಿ."

"ಸರ್ಕಾರದಾಗ ಯಾರಿಗ್ರಿ? ಯಾರಿಗೆ ಕಳಸ್ಬೇಕು ಅನ್ನೋ ಜಾಗಾ ಖಾಲಿ ಬಿಟ್ಟೀರಿ."

ಕೊಟ್ರೇಶನಿಗೆ ಒಮ್ಮೆಲೇ ನರಗುಂದದಲ್ಲಿ ಯಾವುದೋ ಮೀಟಿಂಗ್ ನೆನಪಾಯಿತು. ಹೋದ.

"ಹಂಗಾರ ನನ್ನ ಬಸ್ಸಿನ ಗತಿ ಏನ್ರಿ ಮೇಡಮ್?" ಅಲ್ಲೇ ನಿಂತಿದ್ದ ಮಹೇಶ್ವರಿ ಕೇಳಿದಳು.

ಶೈಲಶ್ರೀ ಬಿಳಿ ಹಾಳೆ ಎಳೆದುಕೊಂಡು ಡಿಪೋ ಮ್ಯಾನೇಜರ್ ಹೆಸರಿಗೆ ಬರೆಯತೊಡಗಿದಳು.

"ಹೆಸರು, ಊರು, ಲ್ಯಾಬ್ ಬಿಡೋ ಹೊತ್ತು ಬರಸ್ಕೊಂಡು ಎಲ್ಲಾರ ಸಹಿ ತಗೊಂಡ್ ಬಾ. ಇಮೇಲ್ ಯಾರದೂ ಬ್ಯಾಡ."

ಮರುದಿನ ಡಿಪೋದ ಗುಮಾಸ್ತ ಮೂರು ಹಾಳೆ ಸಹಿಗಳನ್ನು ಎಣಿಸಿ, ನಕಲಿನ ಮೇಲೆ 'ಸ್ವೀಕರಿಸಲಾಗಿದೆ' ಎಂಬ ಸೀಲು ಒತ್ತಿ, ತಾರೀಖು ಬರೆದು ಕೊಟ್ಟ. ಸೀಲಿನ ಮಸಿ ಇನ್ನೂ ಹಸಿಯಾಗಿತ್ತು. ಮಹೇಶ್ವರಿ ಅದನ್ನು ಮಡಚದೆ, ಊದುತ್ತ ಹೊರಗೆ ಬಂದಳು.