ಒಂದು ಗಂಟೆಯಿಂದ ಎರಡೂ ಐವತ್ತರವರೆಗೆ

ಉಮಾಶ್ರೀಯ ಹೆರಿಗೆಯ ವಿವರ ಒಂದೇ ಕಡೆ ಇರಲಿಲ್ಲ. ಅಡ್ಮಿಷನ್ ಹಾಳೆಯಲ್ಲಿ ಸ್ವಲ್ಪ, ನರ್ಸ್ ನೋಟ್ಸಿನಲ್ಲಿ ಸ್ವಲ್ಪ, ಡ್ರಿಪ್ ಚೀಟಿಯ ಹಿಂಬದಿಯಲ್ಲಿ ಸ್ವಲ್ಪ, ಗ್ಲೌಸಿನ ಕವರಿನ ಮೇಲೂ ಎರಡು ಸಾಲು. ಇಷ್ಟನ್ನೂ ಕೂಡಿಸಿ, ಹೆರಿಗೆ ಮುಂದುವರಿದ ಬಗೆಯನ್ನು ಗೆರೆಯಲ್ಲಿ ತೋರಿಸುವ ಒಂದೇ ಪಾರ್ಟೋಗ್ರಾಫ್ ಹಾಳೆಗೆ ಇಳಿಸುವ ಕೆಲಸವನ್ನು ಇನ್‌ಚಾರ್ಜ್ ಸಿಸ್ಟರ್ ಮಹಾಂತಮ್ಮ ನರ್ಸ್ ಸೌಮ್ಯಳಿಗೆ ಒಪ್ಪಿಸಿದರು. ಹೆರಿಗೆಯ ದಿನ ಬಾಗಲಗುಂಟೆಯ ಆ ನರ್ಸಿಂಗ್ ಹೋಮಿನ ಹೆರಿಗೆ ಕೋಣೆಯಲ್ಲಿ ಡ್ಯೂಟಿಯಲ್ಲಿದ್ದವಳೂ ಅವಳೇ.

ಮಗು ಹುಟ್ಟಿದಾಗ ಅತ್ತಿರಲಿಲ್ಲ. ಎರಡನೆಯ ದಿನ ಫಿಟ್ಸ್ ಬಂದಿತ್ತು. ಆರು ದಿನವಾದರೂ ಇನ್ನೂ ಎನ್‌ಐಸಿಯುನಲ್ಲಿತ್ತು. ಎಲ್ಲಿ ತಪ್ಪಿತು ಎಂದು ನೋಡಲು ಮಧ್ಯಾಹ್ನ ಸಭೆಯಿತ್ತು.

ಸೌಮ್ಯ ಚೀಟಿಗಳನ್ನು ಗಂಟೆಯ ಪ್ರಕಾರ ಜೋಡಿಸಿಕೊಂಡಳು. ಬೆಳಗ್ಗೆ ಎಂಟೂವರೆಗೆ ಗರ್ಭದ ಬಾಯಿ ನಾಲ್ಕು ಸೆಂಟಿಮೀಟರ್ ತೆರೆದಿತ್ತು. ಹತ್ತು ನಿಮಿಷಕ್ಕೆ ಮೂರು ನೋವು, ಮಗುವಿನ ಹೃದಯಬಡಿತ ನೂರ ನಲವತ್ತನಾಲ್ಕು. ನಾಲ್ಕರ ಮಟ್ಟದಲ್ಲಿ, ಹಾಳೆಯಲ್ಲೇ ಅಚ್ಚಾಗಿದ್ದ ಎಚ್ಚರಿಕೆ ಗೆರೆಯ ಮೇಲೆಯೇ ಮೊದಲ ಗುರುತು ಬಿತ್ತು. ಅವಳ ಕೈ ಅಲ್ಲೇ ನಿಂತಿತು. ನಾಲ್ಕು ಸೆಂಟಿಮೀಟರ್ ಎಂದರೆ ಸರಿಯಾದ ಹೊತ್ತಿಗೇ ಬಂದಿದ್ದರು. ಆದರೆ ಆಪರೇಷನ್ ಆದ ಕೂಡಲೇ ಹೊರಗೆ ಕೂತಿದ್ದ ಅತ್ತೆ ಅನುಸೂಯಮ್ಮನಿಗೆ, ನೀವು ತಡವಾಗಿ ಕರೆದುಕೊಂಡು ಬಂದಿರಿ, ಅದಕ್ಕೇ ಹೀಗಾಯಿತು ಎಂದು ಹೇಳಿದ್ದವಳು ತಾನು.

ಹನ್ನೆರಡೂವರೆಗೆ ಆರೇ ಸೆಂಟಿಮೀಟರ್. ಗಂಟೆಗೊಂದರಂತೆ ಏರುವ ಎಚ್ಚರಿಕೆ ಗೆರೆಯ ಪ್ರಕಾರ ಎಂಟಿರಬೇಕಿತ್ತು. ಗುರುತು ಗೆರೆಯಿಂದ ಎರಡು ಗಂಟೆ ಬಲಕ್ಕೆ ಸರಿದಿತ್ತು. ಬಿಡಿ ಚೀಟಿಗಳಲ್ಲಿ ಕಾಣದ ನಿಧಾನ ಹಾಳೆಯ ಮೇಲೆ ಒಂದೇ ನೋಟಕ್ಕೆ ಕಾಣುತ್ತಿತ್ತು. ಒಂದು ಗಂಟೆಗೆ ನೋವು ಹೆಚ್ಚಿಸುವ ಡ್ರಿಪ್ ಶುರುವಾಗಿತ್ತು. ಆಗ ಬಡಿತ ನೂರ ಮೂವತ್ತಾರು. ಒಂದೂವರೆಗೆ, ಎರಡಕ್ಕೆ ಹನಿ ಏರಿಸಿದ ಲೆಕ್ಕವಿತ್ತು. ಎರಡೂವರೆಗೆ ನೋವು ಹತ್ತು ನಿಮಿಷಕ್ಕೆ ಐದು. ಎರಡೂ ಐವತ್ತಕ್ಕೆ ಬಡಿತ ತೊಂಬತ್ತೆಂಟಕ್ಕೆ ಕುಸಿದಿತ್ತು, ಮಗು ಒಳಗೇ ಮಲ ಮಾಡಿದ ಹಸಿರು ನೀರು. ಮೂರೂ ಇಪ್ಪತ್ತೈದಕ್ಕೆ ಸಿಸೇರಿಯನ್.

ಒಂದರಿಂದ ಎರಡೂ ಐವತ್ತರ ನಡುವಿನ ಬಡಿತಗಳು ಎಲ್ಲೂ ಇರಲಿಲ್ಲ. ಅರ್ಧ ಗಂಟೆಗೊಮ್ಮೆಯಾದರೂ ಕೇಳಲೇಬೇಕಾಗಿತ್ತು. ಬಡಿತ ಕೇಳುವ ಡಾಪ್ಲರ್ ಪಕ್ಕದ ಕೋಣೆಯಲ್ಲಿತ್ತು, ಅಲ್ಲಿ ಇನ್ನೊಂದು ಹೆರಿಗೆ ನಡೆಯುತ್ತಿತ್ತು. ಸೌಮ್ಯ ಅದಿಲ್ಲದೆಯೇ ಬಂದು, ಹೊಟ್ಟೆಯ ಮೇಲೆ ಕೈಯಿಟ್ಟು ನೋವು ಎಣಿಸಿ, ಹನಿ ಏರಿಸಿ ಹೋಗಿದ್ದಳು. ಆಮೇಲೆ ನೋಟ್ಸಿನಲ್ಲಿ, ಟೈಮ್ ಹಾಕದೆ, ‘ಬಡಿತ ಚೆನ್ನಾಗಿದೆ’ ಎಂದು ಒಂದು ಸಾಲು ಗೀಚಿದ್ದಳು.

ಈಗ ಆ ಒಂದು ಸಾಲನ್ನೇ ಹಿಡಿದುಕೊಂಡು ಅವಳು ಅರ್ಧ ಗಂಟೆಗೊಂದರಂತೆ ಮೂರು ಚುಕ್ಕಿ ಇಟ್ಟಳು: ನೂರ ನಲವತ್ತು, ನೂರ ಮೂವತ್ತೆಂಟು, ನೂರ ಮೂವತ್ತನಾಲ್ಕು. ಗೆರೆ ಕೂಡಿಸಿದಳು. ಹಾಳೆ ಅಚ್ಚುಕಟ್ಟಾಗಿ ಕಂಡಿತು.

ಸಭೆಯಲ್ಲಿ ಡಾಕ್ಟರ್ ಶೀತಲ್ ಹಾಳೆಯನ್ನು ಬಹಳ ಹೊತ್ತು ನೋಡಿದರು. ಹನ್ನೆರಡೂವರೆಗೆ ತಾನೇ ಬಂದು ನೋಡಬೇಕಿತ್ತು, ಫೋನಿನಲ್ಲೇ ಡ್ರಿಪ್ ಹೇಳಿದ್ದು ತಪ್ಪು ಎಂದು ಯಾರೂ ಕೇಳದೆಯೇ ಒಪ್ಪಿಕೊಂಡರು. ಆಮೇಲೆ ಅವಳತ್ತ ತಿರುಗಿದರು.

“ಹಾರ್ಟ್ ರೇಟ್ ಆದ್ರೂ ಪೂರ್ತಿ ಇದೆಯಲ್ಲ ಸೌಮ್ಯ. ಅಷ್ಟಾದ್ರೂ ಸರಿಯಾಗಿ ಮಾಡಿದೀರ.”

ಸುಮ್ಮನಿದ್ದರೆ ಮುಗಿದುಹೋಗುತ್ತಿತ್ತು. ಸೌಮ್ಯಳಿಗೆ ಸುಮ್ಮನಿರಲು ಆಗಲಿಲ್ಲ.

“ಪೂರ್ತಿ ಇಲ್ಲ ಮೇಡಂ. ಒಂದರಿಂದ ಎರಡೂ ಐವತ್ತರವರೆಗೆ ನಾನು ಕೇಳ್ಲೇ ಇಲ್ಲ. ಆ ಮೂರು ಚುಕ್ಕಿ ಇವತ್ತು ಬೆಳಗ್ಗೆ ಇಟ್ಟಿದ್ದು.”

ಮಹಾಂತಮ್ಮ ಬೈಯಲಿಲ್ಲ, ಬೈದಿದ್ದರೆ ಹಗುರವಾಗುತ್ತಿತ್ತು. ಆ ಹಾಳೆ ರದ್ದೆಂದು ಅಡ್ಡ ಒಂದು ಗೆರೆ ಎಳೆಸಿ, ಸಹಿ ಹಾಕಿಸಿ, ಮೂಲ ಚೀಟಿಗಳ ಜೊತೆಗೇ ಇಟ್ಟುಕೊಂಡರು. ಹೊಸದನ್ನು ಅವಳೇ ಬರೆದಳು. ಮೇಲೆ ‘ನಂತರ ಬರೆದದ್ದು’ ಎಂದು, ಇವತ್ತಿನ ತಾರೀಕು, ಟೈಮು. ನಡುವಿನ ಜಾಗ ಖಾಲಿ, ಅಲ್ಲಿ ‘ಬಡಿತ ದಾಖಲಾಗಿಲ್ಲ’.

ಸಂಜೆ ಡಾಕ್ಟರ್ ಶೀತಲ್ ಉಮಾಶ್ರೀಯ ಮನೆಯವರನ್ನು ಕೂರಿಸಿ ಆದದ್ದನ್ನೆಲ್ಲ ಹೇಳಿದರು. ಮಾಕಳಿಯಿಂದ ದಿನಾ ಬಸ್ಸಿನಲ್ಲಿ ಬರುತ್ತಿದ್ದ ಅನುಸೂಯಮ್ಮ ತಲೆಯೆತ್ತದೆ ಕೇಳಿದರು. ಕೊನೆಗೆ ಸೌಮ್ಯ ಬಾಯಿ ಬಿಟ್ಟಳು.

“ಅಮ್ಮ, ನೀವು ತಡವಾಗಿ ಬರ್ಲಿಲ್ಲ. ಅವತ್ತು ನಾನು ಹೇಳಿದ್ದು ಸುಳ್ಳು.”

“ಅಂಗಾರೆ ಯಾಕಮ್ಮ ಅಂಗಂದೆ?” ಅನುಸೂಯಮ್ಮನ ದನಿ ಏರಲಿಲ್ಲ. “ನೋವು ಬಂದ್ರೂ ಮುಚ್ಚಿಟ್ಕೊಂಡ್ಳು ಅಂತ ಆರು ದಿನದಿಂದ ಸೊಸೇನ ಬೈತಾವ್ನಿ. ನೀನೇ ಬಂದು ಅವಳಿಗೇಳು.”

ಸೌಮ್ಯ ಹೋಗಿ ಹೇಳಿದಳು. ಮಂಚದ ಮೇಲೆ ಕೂತಿದ್ದ ಉಮಾಶ್ರೀ ಪೂರ್ತಿ ಕೇಳಿಸಿಕೊಂಡಳು. ಮಗುವಿಗೆ ಹಾಲು ಹಿಂಡಿ ಕಳಿಸುವ ಹೊತ್ತಾಯಿತು, ತೊಳೆದ ಬಟ್ಟಲು ಕೊಡಿ ಎಂದಷ್ಟೇ ಕೇಳಿದಳು. ಸೌಮ್ಯ ತಂದುಕೊಟ್ಟಳು. ಉಮಾಶ್ರೀ ಅತ್ತೆಯ ಕಡೆ ನೋಡಿದಳು. ಅನುಸೂಯಮ್ಮ ಎದ್ದು ಪರದೆ ಎಳೆದರು, ಸೌಮ್ಯ ಹೊರಗುಳಿದಳು.

ಎರಡು ತಿಂಗಳು ಅವಳನ್ನು ಹೆರಿಗೆ ಕೋಣೆಯಿಂದ ತೆಗೆದು ತರಬೇತಿಗೆ ಹಾಕಿದರು. ಮಗು ಹದಿನಾರನೆಯ ದಿನ ಮನೆಗೆ ಹೋಯಿತು. ಬೆಳವಣಿಗೆ ಹೇಗಾಗುತ್ತದೋ ಈಗಲೇ ಹೇಳಲಾಗದು, ತಿಂಗಳು ತಿಂಗಳು ತೋರಿಸಿ ಎಂದಿದ್ದರು. ಹೊರಡುವಾಗ ಅನುಸೂಯಮ್ಮ ಆಯಾಗಳಿಗೂ ಕೈಮುಗಿದು ಹೋದರು. ಸೌಮ್ಯ ಫಾರ್ಮಸಿಯ ಹಿಂದೆ ನಿಂತಿದ್ದಳು. ಆಟೋ ತಿರುವು ದಾಟುವವರೆಗೂ ಅವಳು ಈಚೆ ಬರಲಿಲ್ಲ.