ಅತ್ತೆ ಮಾತಾಡದ ವರ್ಷ

ಫೋನಿನ ತುಂಬ ನನ್ನ ಮುಖ ಬಂದದ್ದು ನೋಡಿ ಮೊದಲು ಖುಷಿಯಾದದ್ದು ಸುಳ್ಳಲ್ಲ. ಆಮೇಲೆ ಮಾತು ಕೇಳಿಸಿತು.

"ಮದುವಿಯಾಗಿ ಬಂದ ಮ್ಯಾಲ ಒಂದು ವರ್ಷ ನಮ್ಮ ಅತ್ತಿ ಜೋಡಿ ಒಂದ್ ಮಾತ್ ಆಡಿಲ್ಲ ನೋಡು."

ಕೆಳಗೆ ಹಳದಿ ಅಕ್ಷರದಲ್ಲಿ ಅದೇ ಮಾತು ಮರಾಠಿಯಲ್ಲಿ. ಧನಶ್ರೀ ಮುಂದಕ್ಕೆ ಬಾಗಿ "ಯಾಕ್ರೀ ಮೌಶಿ?" ಅನ್ನುತ್ತಾಳೆ. ನಾನು ಬಾಯಿ ತೆರೆಯುತ್ತೇನೆ. ಅಲ್ಲಿಗೆ ಮುಗಿಯಿತು! ಪೂರ್ತಿ ಮಾತು ಬೇಕಾದವರು ಲಿಂಕ್ ಒತ್ತಬೇಕಂತೆ.

ಧನಶ್ರೀ ನನ್ನ ತಂಗಿಯ ಮಗಳು. ಉದಗೀರದಲ್ಲಿ ಒಂದು ಕೋಣೆ ಹಿಡಿದು, ದನಿ ಗುಂಯ್‌ಗುಡದಂತೆ ಗೋಡೆಗೆಲ್ಲ ಕೌದಿ ತೂಗುಹಾಕಿ, ಎರಡು ಕ್ಯಾಮರಾ ಇಟ್ಟುಕೊಂಡು ಪಾಡ್‌ಕಾಸ್ಟ್ ಮಾಡುತ್ತಾಳೆ. ಗಡಿ ದಾಟಿ ಮಹಾರಾಷ್ಟ್ರದ ಊರುಗಳಿಗೆ ಮದುವೆಯಾಗಿ ಬಂದ ಕನ್ನಡದ ಹೆಣ್ಣುಮಕ್ಕಳನ್ನು ಕೂಡಿಸಿ ಮಾತಾಡಿಸುವುದು ಅವಳ ಕೆಲಸ. ಭಾಲ್ಕಿಯಿಂದ ಕಾಸಾರಶಿರಸಿಗೆ ಬಂದು ಇಲ್ಲೇ ಮುದುಕಿಯಾಗುತ್ತಿರುವ ನಾನು ಎರಡು ತಾಸು ಮಾತಾಡಿ ಬಂದಿದ್ದೆ. ಚಹಾ ಕುಡಿಸಿದ್ದರು, ಚಲೋ ಚಹಾ. ಈಗ ಹೀಗೆ.

ಪಕ್ಕದ ಮನೆಯವಳು ಆ ಹಳದಿ ಅಕ್ಷರಗಳನ್ನು ಅತ್ತೆಗೆ ಗಟ್ಟಿಯಾಗಿ ಓದಿ ತೋರಿಸಿದಳು. ಅವಳ ನಾಲಗೆಗೆ ಬೆಂಕಿ ಹಚ್ಚಬೇಕು. ಅಂದಿನಿಂದ ನಮ್ಮತ್ತೆ ಗೌರಾಬಾಯಿ ನನ್ನ ಜೊತೆ ಮಾತು ಬಿಟ್ಟರು. ತಟ್ಟೆ ಇಟ್ಟರೆ ಉಣ್ಣುತ್ತಾರೆ, ಮುಖ ಎತ್ತುವುದಿಲ್ಲ. ಗಂಡ ತೀರಿಹೋದ ಮೇಲೆ ಈ ಮನೆಯಲ್ಲಿ ನನಗೆ ಅವರು, ಅವರಿಗೆ ನಾನು, ಇಷ್ಟೇ ಉಳಿದದ್ದು.

ಧನಶ್ರೀಗೆ ಫೋನು ಹಚ್ಚಿ ಬೈದೆ. "ಏ ಹುಡುಗಿ, ನನಗ ಮರಾಠಿ ಬರ್ತಿರಲಿಲ್ಲ, ಆಕಿಗಿ ಕನ್ನಡ ಬರ್ತಿರಲಿಲ್ಲ, ಅದಕ್ಕ ಇಬ್ಬರೂ ಗಪ್ಪ ಇದ್ದಿವಿ ಅಂತ ಹೇಳೀನೋ ಇಲ್ಲೋ? ಅದೆಲ್ಲಿ ಹೋತು?"

"ಪೂರಾ ಎಪಿಸೋಡಿನಾಗ ಅದರೀ ಮೌಶಿ. ಕ್ಲಿಪ್ಪಿನಾಗ ಉತ್ತರ ಕೊಟ್ಟರ ಯಾರೂ ಪೂರಾ ನೋಡಂಗಿಲ್ಲ, ಅದಕ್ಕ ಪ್ರಶ್ನೆಗೇ ಕಟ್ ಮಾಡ್ತೀವಿ. ಮೊದಲ ಮೂರು ಸೆಕೆಂಡಿನಾಗ ಹಿಡೀಲಿಲ್ಲಂದ್ರ ಮಂದಿ ಬೆರಳಿನಿಂದ ಸರಿಸಿಬಿಡ್ತಾರ."

"ಮತ್ತ ಲಿಂಕ್ ಒತ್ತಿ ನೋಡಿದವರು ಎಷ್ಟ್ ಮಂದಿ?"



"ಕ್ಲಿಪ್ ನೋಡಿದವರೊಳಗ ಭಾಳ ಕಮ್ಮಿ ಮಂದಿರೀ," ಅಂದಳು ಮೆಲ್ಲಗೆ.

ಒಮ್ಮೆ ಹಾಕಿದ ವಿಡಿಯೊದ ಜಾಗದಲ್ಲಿ ಬೇರೆಯದನ್ನು ಕೂಡಿಸಲು ಬರುವುದಿಲ್ಲವಂತೆ. ತೆಗೆದು ಹೊಸದಾಗಿಯೇ ಹಾಕಬೇಕು, ಬಂದ ನೋಡುಗರೂ ಹೋದಂತೆ. ಆದರೂ ತೆಗೆದಳು, ಅಷ್ಟು ಮಾತ್ರ ಅವಳ ಒಳ್ಳೆಯತನ. ಆದರೆ ಕ್ಲಿಪ್ಪು ಅಷ್ಟರಲ್ಲಿ ನಿಲಂಗಾದವರೆಗೂ ಯಾರ ಯಾರ ಫೋನಿಗೋ ಹೋಗಿತ್ತು.

ಭಾನುವಾರ ಎಡಿಟಿಂಗ್ ಮಾಡುವ ವೈಭವನನ್ನೂ ಕರೆದುಕೊಂಡು ಮನೆಗೇ ಬಂದಳು. ಪೂರ್ತಿ ಎಪಿಸೋಡು ಕೇಳಿಸಿದರೆ ಅಜ್ಜಿಯ ಸಿಟ್ಟು ಇಳಿಯುತ್ತದೆ, ಆಗ ಅವರ ಮಾತನ್ನೂ ರೆಕಾರ್ಡ್ ಮಾಡೋಣ ಎಂಬುದು ಅವಳ ಲೆಕ್ಕ. ವೈಭವ ಕ್ಯಾಮರಾ ನಿಲ್ಲಿಸಿ, ಅತ್ತೆಯ ಸೆರಗಿಗೆ ಸಣ್ಣ ಮೈಕು ಸಿಕ್ಕಿಸಿದ. ಅತ್ತೆ ಬೇಡವೆನ್ನಲಿಲ್ಲ.

ಧನಶ್ರೀ ಫೋನಿನಲ್ಲಿ ಆ ಜಾಗ ಹುಡುಕಿ ಹಚ್ಚಿದಳು. ಒಬ್ಬರ ಭಾಷೆ ಒಬ್ಬರಿಗೆ ಬಾರದ್ದು, ನಾನು ಕೈಸನ್ನೆಯಲ್ಲಿ ಉಪ್ಪು ಕೇಳಿದ್ದು, ಎಲ್ಲಾ ಬಂತು. ನಾನು ನಡುವೆ ಮರಾಠಿಯಲ್ಲಿ ತಿಳಿಸಿ ಹೇಳಲು ಹೋದೆ.

"ಗಪ್ಪ ಕೂಡು," ಅಂದರು ಅತ್ತೆ. "ನಿನ್ನ ಕನ್ನಡ ಇಷ್ಟು ವರ್ಷ ಕೇಳೀನಿ, ತಿಳೀತದ ನನಗ."

ಮಾತಾಡಿದರಲ್ಲಾ ಎಂದು ನನ್ನ ಜೀವ ಹಗುರಾಯಿತು. ಧನಶ್ರೀಯೂ ನಕ್ಕಳು. "ನೋಡ್ರೀ ಅಜ್ಜಿ, ಜಗಳ ಏನೂ ಇರಲಿಲ್ಲ. ಮಾತೇ ಇರಲಿಲ್ಲ, ಅಷ್ಟ."

"ಜಗಳದ ಮಾತು ಯಾರಿಗೆ ಬೇಕಾಗ್ಯದ?" ಅತ್ತೆಯ ದನಿ ಏರಿತು. ಮುಂದಿನದನ್ನು ಅವರು ತಮ್ಮ ಮರಾಠಿಯಲ್ಲೇ ಹೇಳಿದರು. "ಒಂದು ಮಾತೂ ಆಡಲಿಲ್ಲ ಅಂತಾಳಲ್ಲ, ಅದು ಸುಳ್ಳು. ಆ ವರ್ಷ ನಾನು ದಿನಾ ಮಾತಾಡಿದೆ. ನನ್ನ ಜನ್ಮದಲ್ಲಿ ಅಷ್ಟು ಯಾರ ಜೊತೆಗೂ ಮಾತಾಡಿಲ್ಲ. ಇವಳಿಗೆ ತಿಳಿಯುವುದಿಲ್ಲ, ಹೊರಗೆ ಹೇಳುವುದಿಲ್ಲ ಅಂತ ಹೊಟ್ಟೆಯಲ್ಲಿದ್ದದ್ದೆಲ್ಲ ಹೇಳಿದೆ. ಮರಾಠಿ ಕಲಿತಳು, ನಾನು ಬಾಯಿ ಮುಚ್ಚಿದೆ."

ಎರಡು ತಾಸು ಮಾತಾಡಿ ಬಂದವಳು ನಾನು, ಆ ವರ್ಷ ಅವರು ಏನೋ ಗೊಣಗುತ್ತಾರೆ ಎಂದುಕೊಂಡಿದ್ದೆ. ಅದನ್ನು ಮಾತೆಂದು ಲೆಕ್ಕಕ್ಕೇ ಹಿಡಿದಿರಲಿಲ್ಲ. ಅಯ್ಯೋ ಶಿವನೇ, ಪೂರ್ತಿ ಎಪಿಸೋಡಿನಲ್ಲೂ ಅದು ಇರಲಿಲ್ಲ.

ವೈಭವ ಧನಶ್ರೀಯ ಕಡೆ ನೋಡಿದ. ಇಂಥ ಮಾತು ಸಿಕ್ಕರೆ ಎಷ್ಟು ಮಂದಿ ನೋಡುತ್ತಾರೆ ಎಂದು ಅವನಿಗೂ ಗೊತ್ತು, ಅವಳಿಗೂ ಗೊತ್ತು. ನನಗೂ ಈಗ ಗೊತ್ತು. ಧನಶ್ರೀ ಎದ್ದು ತಾನೇ ಕ್ಯಾಮರಾ ಬಂದ್ ಮಾಡಿ, ಅತ್ತೆಯ ಸೆರಗಿನ ಮೈಕು ಬಿಚ್ಚಿ, ವೈಭವನನ್ನು ಹೊರಗೆ ಕರೆದುಕೊಂಡು ಹೋದಳು.

"ಆಯಿ," ಅಂದೆ, "ಏನು ಹೇಳಿದ್ದಿರಿ ಆಗ?"

ಅವರು ನನ್ನ ನರೆತ ತುರುಬಿನ ಮೇಲೆ ಕೈ ಇಟ್ಟರು.

"ನನಗೊಬ್ಬಳು ಮಗಳಿದ್ದಳು. ಶಾಂಭವಿ ಅಂತ. ಸಣ್ಣವಳಿದ್ದಾಗಲೇ ಹೋದಳು. ಅವಳ ಹೆಸರು ಎತ್ತಬೇಡ ಅಂದಿದ್ದರು ಮನೆಯಲ್ಲಿ. ನಿನಗೆ ಹೆರಳು ಹಾಕುವಾಗ ಅವಳ ಹೆಸರು ಹಿಡಿದೇ ಕರೀತಿದ್ದೆ. ನೀನು ಹೂಂ ಅಂತಿದ್ದೆ."